ಆಳದಲ್ಲಿ ಓಟ, ದಡದಲ್ಲಿ ಎತ್ತರ

2004ರ ಡಿಸೆಂಬರ್ 26ರಂದು ಸುಮಾತ್ರಾ ದ್ವೀಪದ ಬಳಿ ಕಡಲತಳ ನಡುಗಿ ಸುಮಾರು ಎರಡು ಗಂಟೆ ಕಳೆದಿತ್ತು. ಸಮುದ್ರದ ಮಟ್ಟವನ್ನು ಅಳೆಯುವ ಜೇಸನ್-1 ಎಂಬ ಉಪಗ್ರಹ ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯ ಮೇಲೆ ಹಾದುಹೋಯಿತು. ನಡುಗಡಲಿನಲ್ಲಿ ಸಾಗುತ್ತಿದ್ದ ಸುನಾಮಿಯ ಎತ್ತರ ಅದರ ಅಳತೆಗೆ ಸಿಕ್ಕಿತು: ಸುಮಾರು 60 ಸೆಂಟಿಮೀಟರ್, ಅಂದರೆ ಎರಡಡಿ. ಅಲ್ಲಿ ದೋಣಿಯಲ್ಲಿದ್ದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಅದೇ ಸುನಾಮಿ ತಮಿಳುನಾಡಿನ ಕರಾವಳಿಯಲ್ಲಿ ಊರುಗಳನ್ನೇ ಕೊಚ್ಚಿಕೊಂಡು ಹೋಯಿತು. ಎರಡಡಿಯ ಉಬ್ಬು ಅಷ್ಟು ದೊಡ್ಡದಾದದ್ದು ಹೇಗೆ?

ಗಾಳಿಯಿಂದ ಏಳುವ ಮಾಮೂಲಿ ಅಲೆ ನೀರಿನ ಮೇಲ್ಪದರವನ್ನಷ್ಟೇ ಕಲಕುತ್ತದೆ. ಕೆಲವು ನೂರು ಅಡಿ ಕೆಳಗಿಳಿದರೆ ಅದರ ಸುಳಿವೂ ಇರುವುದಿಲ್ಲ. ಸುನಾಮಿಯ ಹುಟ್ಟೇ ಬೇರೆ. ಅಂದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಕಡಲತಳ ಬಿರಿದು ಮೇಲೆದ್ದಾಗ, ಅದರ ಮೇಲಿದ್ದ ನೀರೆಲ್ಲ ತಳದಿಂದ ಮೇಲ್ಮೈವರೆಗೆ ಒಟ್ಟಾಗಿ ಎದ್ದಿತು. ಹೀಗೆ ಹುಟ್ಟಿದ ಅಲೆಯ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ನೂರಾರು ಕಿಲೋಮೀಟರ್ ಅಂತರವಿರುತ್ತದೆ. ಕಡಲಿನ ಆಳವಾದರೋ ನಾಲ್ಕು ಕಿಲೋಮೀಟರ್ ಆಸುಪಾಸು. ಹಾಗಾಗಿ ಸುನಾಮಿಯ ಪಾಲಿಗೆ ಮಹಾಸಾಗರವೂ ತೆಳುವಾದ ನೀರಿನ ಹಾಳೆಯಷ್ಟೆ.

ಇಂಥ ಅಲೆಯ ವೇಗ ನಿರ್ಧಾರವಾಗುವುದು ನೀರಿನ ಆಳದಿಂದ. ಉಬ್ಬು ಮುಂದಕ್ಕೆ ಸರಿಯಬೇಕಾದರೆ ಹಿಂದಿನ ನೀರು ಮುಂದಕ್ಕೆ ಹರಿಯಬೇಕು. ನಾಲ್ಕು ಕಿಲೋಮೀಟರ್ ಆಳವಿದ್ದಾಗ ಪ್ರತಿಯೊಂದು ಪದರ ತುಸುವೇ ಜರುಗಿದರೂ ಒಟ್ಟು ಸೇರಿ ಅಪಾರ ನೀರು ಮುಂದೆ ಹೋದಂತಾಗುತ್ತದೆ. ಎರಡಡಿಯ ಆ ಸುನಾಮಿಯಡಿ ನೀರು ಹರಿಯುವುದು ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್ ಮಾತ್ರ. ಅಲೆ ಓಡುವುದು ಗಂಟೆಗೆ 700 ಕಿಲೋಮೀಟರ್. ಓಡುವುದು ನೀರಲ್ಲ, ಉಬ್ಬು. ಸೂತ್ರವೂ ಸರಳ: ಆಳವನ್ನು ಗುರುತ್ವ ವೇಗೋತ್ಕರ್ಷದಿಂದ, ಎಂದರೆ 9.8ರಿಂದ, ಗುಣಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ. 4,000 ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 198 ಮೀಟರ್. 10 ಮೀಟರ್ ಆಳದಲ್ಲಿ ಬರೀ 10 ಮೀಟರ್, ಗಂಟೆಯ ಲೆಕ್ಕದಲ್ಲಿ 36 ಕಿಲೋಮೀಟರ್.

ಅಂದು ಇದರ ಪರಿಣಾಮ ಎದ್ದು ಕಂಡಿತು. ಭೂಕಂಪದ ಕೇಂದ್ರದಿಂದ ಚೆನ್ನೈ ಸುಮಾರು 2,000 ಕಿಲೋಮೀಟರ್ ದೂರ. ಥಾಯ್ಲೆಂಡಿನ ಫುಕೆಟ್ ಸುಮಾರು 600 ಕಿಲೋಮೀಟರ್. ಆದರೂ ಅಲೆ ಫುಕೆಟ್ ಮುಟ್ಟಲು ಸುಮಾರು ಎರಡು ಗಂಟೆ ಬೇಕಾಯಿತು, ಚೆನ್ನೈಗೆ ಎರಡೂವರೆ ಗಂಟೆಯ ಮೇಲೆ ಸ್ವಲ್ಪ. ಬಿರುಕು ಉತ್ತರಕ್ಕೆ ಅಂಡಮಾನ್ ಕಡೆಗೂ ಚಾಚಿದ್ದರಿಂದ ಚೆನ್ನೈಗೆ ದೂರ ಕೊಂಚ ತಗ್ಗಿತ್ತು ನಿಜ. ಮುಖ್ಯ ಕಾರಣ ಮಾತ್ರ ಆಳದ್ದೇ: ಚೆನ್ನೈ ಕಡೆಗೆ ಬಂಗಾಳ ಕೊಲ್ಲಿಯ ಆಳವಾದ ನೀರು, ಥಾಯ್ಲೆಂಡಿನ ಕಡೆಗೆ ಬಹುದೂರದವರೆಗೆ ಆಳವಿಲ್ಲದ ಸಮುದ್ರ.

ದಡದ ಬಳಿ ಎತ್ತರ ಹೆಚ್ಚುವುದೂ ವೇಗ ತಗ್ಗುವುದರಿಂದಲೇ. ಹೆದ್ದಾರಿಯಲ್ಲಿ ಟೋಲ್ ಗೇಟ್ ಹತ್ತಿರವಾದಂತೆ ಮುಂದಿನ ವಾಹನಗಳು ನಿಧಾನವಾಗಿ, ಹಿಂದಿನವು ವೇಗದಲ್ಲೇ ಬಂದು ಒತ್ತೊತ್ತಾಗುವಂತೆ ಅಲೆಯ ಹಿಂಭಾಗ ಮುಂಭಾಗದ ಮೇಲೆ ಒತ್ತರಿಸುತ್ತದೆ. 240 ಕಿಲೋಮೀಟರ್ ಉದ್ದ ಹರಡಿದ್ದ ಅಲೆ 10 ಮೀಟರ್ ಆಳಕ್ಕೆ ಬರುವಾಗ 12 ಕಿಲೋಮೀಟರಿಗೆ ಕುಗ್ಗುತ್ತದೆ. ಅದು ಹೊತ್ತು ತಂದ ಶಕ್ತಿ ಬಹುಪಾಲು ಹಾಗೇ ಉಳಿದಿರುತ್ತದೆ. ಉದ್ದಕ್ಕೆ ಹರಡಲು ಜಾಗವಿಲ್ಲದೆ ನೀರು ಮೇಲಕ್ಕೇಳುತ್ತದೆ. 19ನೇ ಶತಮಾನದ ಇಂಗ್ಲಿಷ್ ಗಣಿತಜ್ಞ ಜಾರ್ಜ್ ಗ್ರೀನ್ ಹೆಸರಿನ ನಿಯಮದ ಪ್ರಕಾರ ಆಳ ಹದಿನಾರರಲ್ಲೊಂದು ಪಾಲಿಗೆ ಇಳಿದರೆ ಎತ್ತರ ಎರಡರಷ್ಟಾಗುತ್ತದೆ. 4,000 ಮೀಟರ್ ಆಳದ 60 ಸೆಂಟಿಮೀಟರ್ ಅಲೆ 250 ಮೀಟರ್ ಆಳದಲ್ಲಿ 120 ಆಗುತ್ತದೆ, ಸುಮಾರು 16 ಮೀಟರ್ ಆಳದಲ್ಲಿ 240.

ದಡಕ್ಕೆ ತೀರಾ ಹತ್ತಿರವಾದಾಗ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಅಲೆಯ ಎತ್ತರವೇ ಆಳಕ್ಕೆ ಸಮಸಮ ಬಂದಿರುತ್ತದೆ. ಕೊಲ್ಲಿಯ ಆಕಾರ, ತಳದ ಇಳಿಜಾರು ಮುಂದಿನದನ್ನು ತೀರ್ಮಾನಿಸುತ್ತವೆ. ಅಂದು ಬಿರುಕಿಗೆ ಎದುರಾಗಿಯೇ ಇದ್ದ ಸುಮಾತ್ರಾದ ಲೋಕ್ಙಾ ಬಳಿ ನೀರು 30 ಮೀಟರಿಗೂ ಎತ್ತರದ ನೆಲವನ್ನು ಮುಟ್ಟಿತ್ತು.

ಅಲೆ ಎಷ್ಟೇ ಕುಗ್ಗಿದರೂ ಒಂದು ನೆತ್ತಿಗೂ ಮುಂದಿನ ನೆತ್ತಿಗೂ ನಡುವಿನ ಸಮಯ ಬದಲಾಗುವುದಿಲ್ಲ. ಅದು ಹತ್ತು ನಿಮಿಷವಿರಬಹುದು, ಅರ್ಧ ಗಂಟೆಯೂ ಇರಬಹುದು. ಸುನಾಮಿ ಬಡಿದು ಹಿಂದೆ ಸರಿಯುವ ಅಲೆಯಲ್ಲ, ನಿಮಿಷಗಟ್ಟಲೆ ಏರುತ್ತಲೇ ಇರುವ ಪ್ರವಾಹ. ಮೊದಲ ನೀರು ಇಳಿದ ಮೇಲೆ ಬರುವ ಎರಡನೆಯದೋ ಮೂರನೆಯದೋ ಇನ್ನೂ ದೊಡ್ಡದಿರಬಹುದು. ಕಡಲ ದಂಡೆಯಲ್ಲಿದ್ದಾಗ ನೆಲ ಬಹಳ ಹೊತ್ತು ನಡುಗಿದರೆ ಎಚ್ಚರಿಕೆಗೆ ಕಾಯದೆ ಎತ್ತರದ ಜಾಗಕ್ಕೆ ಹೋಗಿ. ಅಧಿಕಾರಿಗಳು ಹೇಳುವವರೆಗೆ ಕೆಳಗಿಳಿಯಬೇಡಿ.