ಮುಳುಗುವ ಕಬ್ಬಿಣ, ತೇಲುವ ಕಬ್ಬಿಣ: ಮೇಲ್ಮುಖ ಬಲದ ಲೆಕ್ಕ

ದ್ರವದಲ್ಲಿ ಆಳಕ್ಕೆ ಇಳಿದಷ್ಟೂ ಒತ್ತಡ ಹೆಚ್ಚುತ್ತದೆ. ಕೆಳಗಿನ ಪದರ ತನ್ನ ಮೇಲಿರುವ ದ್ರವದ ಭಾರವನ್ನೆಲ್ಲ ಹೊರಬೇಕಾಗುವುದೇ ಇದಕ್ಕೆ ಕಾರಣ. ದ್ರವದ ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಆಳ ಈ ಮೂರನ್ನು ಗುಣಿಸಿದರೆ ಆ ಆಳದಲ್ಲಿ ದ್ರವದಿಂದ ಉಂಟಾಗುವ ಒತ್ತಡ ಸಿಗುತ್ತದೆ. ನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿ.ಗ್ರಾಂ. ಗುರುತ್ವ ವೇಗೋತ್ಕರ್ಷ ಸುಮಾರು 9.8, ಲೆಕ್ಕ ಸುಲಭವಾಗಲೆಂದು ಅದನ್ನು 10 ಎಂದಿಟ್ಟುಕೊಳ್ಳಬಹುದು. ಆಗ 20 ಸೆಂ.ಮೀ. ಆಳದಲ್ಲಿ ನೀರಿನ ಒತ್ತಡ 2000 ಪ್ಯಾಸ್ಕಲ್, 30 ಸೆಂ.ಮೀ. ಆಳದಲ್ಲಿ 3000 ಪ್ಯಾಸ್ಕಲ್.

ಈಗ ಪ್ರತಿ ಬದಿಯೂ 10 ಸೆಂ.ಮೀ. ಇರುವ ಕಬ್ಬಿಣದ ಘನವೊಂದನ್ನು ನೀರಿಗೆ ಇಳಿಬಿಟ್ಟು, ಅದರ ಮೇಲ್ಮುಖವನ್ನು 20 ಸೆಂ.ಮೀ. ಆಳದಲ್ಲಿ ನಿಲ್ಲಿಸಲಾಗಿದೆ ಎನ್ನೋಣ. ಒಂದೊಂದು ಮುಖದ ವಿಸ್ತೀರ್ಣ 0.01 ಚದರ ಮೀಟರ್. ನೀರು ಮೇಲಿನ ಮುಖವನ್ನು 20 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತುತ್ತದೆ, ಕೆಳಗಿನ ಮುಖವನ್ನು 30 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಪಕ್ಕದ ಮುಖಗಳ ಮೇಲಿನ ಬಲಗಳು ಎದುರುಬದುರಾಗಿ ರದ್ದಾಗುತ್ತವೆ. ಉಳಿಯುವುದು ಮೇಲಕ್ಕೆ ತಳ್ಳುವ 10 ನ್ಯೂಟನ್. ಇದೇ ಮೇಲ್ಮುಖ ಬಲ.

ಘನವನ್ನು ಇನ್ನೂ ಕೆಳಗಿಳಿಸಿ, ಮೇಲ್ಮುಖ 2 ಮೀಟರ್ ಆಳದಲ್ಲಿರುವಂತೆ ಮಾಡಿದರೆ ಬಲಗಳು 200 ಮತ್ತು 210 ನ್ಯೂಟನ್ ಆಗುತ್ತವೆ. ವ್ಯತ್ಯಾಸ ಮತ್ತೆ 10 ನ್ಯೂಟನ್ನೇ. ವಸ್ತು ಪೂರ್ತಿ ಮುಳುಗಿದ ಮೇಲೆ ಆಳ ಹೆಚ್ಚಿದರೂ ಮೇಲ್ಮುಖ ಬಲ ಹೆಚ್ಚುವುದಿಲ್ಲ. ಘನದ ಗಾತ್ರ 1 ಲೀಟರ್. 1 ಲೀಟರ್ ನೀರಿನ ತೂಕವೂ 10 ನ್ಯೂಟನ್. ವಸ್ತು ಪಕ್ಕಕ್ಕೆ ಸರಿಸಿದ ದ್ರವದ ತೂಕಕ್ಕೆ ಮೇಲ್ಮುಖ ಬಲ ಸಮ ಎಂದು ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಕ್ರಿ.ಪೂ. 3ನೆಯ ಶತಮಾನದಲ್ಲಿ ಕಂಡುಕೊಂಡ ತತ್ವ ಇದೇ. ವಸ್ತುವಿನ ಆಕಾರ ಹೇಗೇ ಇದ್ದರೂ ಇದು ಅನ್ವಯಿಸುತ್ತದೆ.

ತೇಲುತ್ತದೆಯೇ ಎಂದು ನಿರ್ಧರಿಸಲು, ವಸ್ತುವನ್ನು ಪೂರ್ತಿ ಮುಳುಗಿಸಿದರೆ ಸಿಗುವ ಮೇಲ್ಮುಖ ಬಲವನ್ನು ಅದರ ತೂಕದೊಂದಿಗೆ ಹೋಲಿಸಬೇಕು. ಕಬ್ಬಿಣದ ಘನದ ರಾಶಿ ಸುಮಾರು 7.8 ಕಿ.ಗ್ರಾಂ., ತೂಕ 78 ನ್ಯೂಟನ್. ನೀರು ಕೊಡುವುದು 10 ನ್ಯೂಟನ್ ಮಾತ್ರ. ಆದ್ದರಿಂದ ಅದು ಮುಳುಗುತ್ತದೆ. ನೀರೊಳಗೆ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ 68 ನ್ಯೂಟನ್ ತೋರಿಸುತ್ತದೆ. ಅಷ್ಟೇ ಗಾತ್ರದ, 600 ಗ್ರಾಂ ರಾಶಿಯ ಮರದ ಘನದ ತೂಕ 6 ನ್ಯೂಟನ್. ಅದನ್ನು ನೀರೊಳಗೆ ಒತ್ತಿ ಬಿಟ್ಟರೆ 10 ನ್ಯೂಟನ್ ಬಲ ಮೇಲೆತ್ತುತ್ತದೆ. ಮೇಲೆ ಬಂದ ಘನದ ಗಾತ್ರದಲ್ಲಿ 0.6 ಲೀಟರ್‌ನಷ್ಟು ಮುಳುಗಿ ನಿಲ್ಲುತ್ತದೆ. ಆಗ ಮೇಲ್ಮುಖ ಬಲ 6 ನ್ಯೂಟನ್, 10 ಅಲ್ಲ. ತೇಲುವ ವಸ್ತುವಿಗೆ ಅದರ ಪೂರ್ಣ ಗಾತ್ರವನ್ನು ಹಿಡಿದು ಬಲ ಲೆಕ್ಕ ಹಾಕುವುದು ಪರೀಕ್ಷೆಗಳಲ್ಲಿ ಸುಲಭವಾಗಿ ಆಗುವ ತಪ್ಪು. ಸುಮ್ಮನೆ ತೇಲುತ್ತಿರುವ ವಸ್ತುವಿನ ಮೇಲ್ಮುಖ ಬಲ ಅದರ ತೂಕಕ್ಕೆ ಸಮವಾಗಿರಲೇಬೇಕು. ಉತ್ತರವನ್ನು ಪರೀಕ್ಷಿಸಲು ಇದೇ ದಾರಿ.

ಮುಳುಗಿದ ಅದೇ ಕಬ್ಬಿಣವನ್ನು ಸುಮಾರು 4 ಮಿ.ಮೀ. ದಪ್ಪದ ತಗಡಾಗಿಸಿ, 30 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ತೆರೆದ ಪೆಟ್ಟಿಗೆ ಮಾಡಬಹುದು. ತೂಕ ಬದಲಾಗಿಲ್ಲ, 78 ನ್ಯೂಟನ್. ತೇಲಲು ಅದು 7.8 ಲೀಟರ್ ನೀರನ್ನು ಸರಿಸಬೇಕು. ತಳದ ವಿಸ್ತೀರ್ಣ 780 ಚದರ ಸೆಂ.ಮೀ. ಆದ್ದರಿಂದ ಪೆಟ್ಟಿಗೆ 10 ಸೆಂ.ಮೀ. ಮುಳುಗಿದಾಗಲೇ 7800 ಘನ ಸೆಂ.ಮೀ., ಅಂದರೆ 7.8 ಲೀಟರ್ ನೀರು ಸರಿದಿರುತ್ತದೆ. ಇನ್ನೂ 5 ಸೆಂ.ಮೀ. ನೀರಿನ ಮೇಲಿದೆ. ಅಂಚಿನವರೆಗೆ ಮುಳುಗಿದರೆ 11.7 ಲೀಟರ್ ಸರಿಯುವುದರಿಂದ, ನೀರು ನಿಶ್ಚಲವಾಗಿದ್ದು ಭಾರ ಸಮನಾಗಿ ಹಂಚಿದ್ದರೆ ಇನ್ನೂ 3.9 ಕಿ.ಗ್ರಾಂ.ವರೆಗೆ ಹೊರಬಲ್ಲದು. ಹಡಗು ತೇಲುವುದೂ ಹೀಗೆಯೇ. ತೂತಾಗಿ ನೀರು ಒಳನುಗ್ಗಿದರೆ ಆ ನೀರಿನ ತೂಕವೂ ಸೇರಿ, ಪೆಟ್ಟಿಗೆ ಇಳಿಯುತ್ತ ಹೋಗಿ ಕೊನೆಗೆ ಮುಳುಗುತ್ತದೆ.

ಸಮುದ್ರದ ನೀರಿನ ಸಾಂದ್ರತೆ ಸುಮಾರು 1025. ಅಲ್ಲಿ ಖಾಲಿ ಪೆಟ್ಟಿಗೆ ಸರಿಸಬೇಕಾದದ್ದು ಸುಮಾರು 7.6 ಲೀಟರ್ ಮಾತ್ರ. ಅದು ಕಾಲು ಸೆಂ.ಮೀ.ನಷ್ಟು ಮೇಲೆದ್ದು ತೇಲುತ್ತದೆ. ಮೇಲ್ಮುಖ ಬಲ ಮಾತ್ರ ಎರಡೂ ಕಡೆ 78 ನ್ಯೂಟನ್ನೇ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ವಸ್ತುವಿನ ಅಡಿಗೂ ದ್ರವ ತಲುಪಿರಬೇಕು. ನಯವಾದ ತಳಕ್ಕೆ ಬಿಗಿಯಾಗಿ ಅಂಟಿದ ವಸ್ತುವಿನ ಕೆಳಗೆ ನೀರೇ ಇಲ್ಲದಿದ್ದರೆ ಕೆಳಗಿನಿಂದ ತಳ್ಳುವ ಒತ್ತಡವೂ ಇರುವುದಿಲ್ಲ. ಮೇಲಿನ ನೀರು ಅದನ್ನು ಕೆಳಕ್ಕೇ ಒತ್ತುವುದರಿಂದ, ನೀರಿಗಿಂತ ಹಗುರ ವಸ್ತುವೂ ಅಲ್ಲೇ ಉಳಿಯಬಹುದು. ಅಂಚು ಸಡಿಲವಾಗಿ ನೀರು ಅಡಿಗೆ ನುಸುಳಿದೊಡನೆ ಒತ್ತಡದ ವ್ಯತ್ಯಾಸ ಮರಳಿ ಬರುತ್ತದೆ, ವಸ್ತು ಮೇಲೇಳುತ್ತದೆ.