ಭಾಷಣದಲ್ಲಿ ಹೇಳದೆ ಉಳಿದ ಮಾತು

2016ರ ನವೆಂಬರ್ 8ರ ರಾತ್ರಿ ಪ್ರಧಾನಿ ನರೇಂದ್ರ ಮೋದಿ ಟೀವಿಯಲ್ಲಿ ಮಾಡಿದ ಭಾಷಣ ಯಾರಿಗೆ ತಾನೆ ಮರೆತೀತು? ಆ ಮಧ್ಯರಾತ್ರಿಯಿಂದಲೇ 500 ಮತ್ತು 1000 ರೂಪಾಯಿಯ ನೋಟು ರದ್ದು. ಇದ್ದವನ್ನು ಡಿಸೆಂಬರ್ 30ರೊಳಗೆ ಬ್ಯಾಂಕಿಗೋ ಅಂಚೆ ಕಚೇರಿಗೋ ಕಟ್ಟಬೇಕು. ನಿರ್ಧಾರ ಸರಿಯೋ ತಪ್ಪೋ ಎಂದು ಆಗ ಮನೆಮನೆಯಲ್ಲೂ ಜಗಳವಾಯಿತು. ಆ ಭಾಷಣವನ್ನು ವಾದವೆಂದು ಬಿಡಿಸಿ ನೋಡಿದವರು ಕಡಿಮೆ.

ಬಿಡಿಸಲು ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಒಂದು ದಾರಿ ತೋರಿಸಿದ. ಮೊದಲು, ಮಾತುಗಾರ ನಮ್ಮಿಂದ ಒಪ್ಪಿಸಹೊರಟಿರುವುದೇನು ಎಂದು ಹುಡುಕಬೇಕು. ಅದು ಪ್ರತಿಪಾದನೆ. ಇಲ್ಲಿ ಅದು, ನೋಟು ರದ್ದಾದರೆ ಕಪ್ಪುಹಣದ ಬೆನ್ನು ಮುರಿಯುತ್ತದೆ ಎಂಬುದು. ಅದಕ್ಕೆ ಮುಂದಿಟ್ಟ ಸಂಗತಿಗಳು ಆಧಾರ: ಚಲಾವಣೆಯಲ್ಲಿರುವ ಹಣದ ಮೌಲ್ಯದಲ್ಲಿ ಶೇ. 80ರಿಂದ 90ರಷ್ಟು ಈ ಎರಡು ನೋಟುಗಳದ್ದೇ. ಖೋಟಾನೋಟು ಭಯೋತ್ಪಾದಕರ ಕೈಗೆ ಸೇರುತ್ತಿದೆ.

ಈ ಆಧಾರದಿಂದ ಆ ಪ್ರತಿಪಾದನೆಗೆ ಹೋಗುವುದು ಹೇಗೆ? ನಡುವೆ ಒಂದು ಕೊಂಡಿ ಬೇಕು. ಭಾಷಣಗಳಲ್ಲಿ ಕೊಂಡಿಯನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ಕೇಳುಗನೇ ಅದನ್ನು ತುಂಬಿಕೊಳ್ಳುತ್ತಾನೆ. ಕಾಳಧನಿಕರು ಕೂಡಿಟ್ಟ ನೋಟು ಬರೀ ಕಾಗದವಾಗುತ್ತದೆ ಎಂಬ ಅರ್ಥದ ಮಾತೂ ಅಂದು ಬಂತು. ಅದರೊಳಗೆ ಎರಡು ನಂಬಿಕೆಗಳು ಅಡಗಿವೆ. ಕಪ್ಪುಹಣ ಹೆಚ್ಚಾಗಿ ನೋಟಿನ ಕಂತೆಯಾಗಿ ಕೂತಿದೆ ಎಂಬುದು ಒಂದು. ಹಾಗೆ ಕೂಡಿಟ್ಟವರು ಸಿಕ್ಕಿಬೀಳುವ ಭಯದಿಂದ ಬ್ಯಾಂಕಿಗೆ ಬರುವುದಿಲ್ಲ ಎಂಬುದು ಇನ್ನೊಂದು. ದಾಳಿ ನಡೆದಾಗ ಮಂಚದ ಕೆಳಗೆ ಕಂತೆ ಸಿಕ್ಕ ಚಿತ್ರಗಳನ್ನು ನೋಡಿದ ಜನಕ್ಕೆ ಮೊದಲನೆಯದು ಸಹಜವೆನಿಸಿತು.

ಕೊಂಡಿ ಗಟ್ಟಿಯೇ ಎಂದು ತೋರಿಸುವ ಪುರಾವೆಗೆ ಬೆಂಬಲ ಎನ್ನುತ್ತಾರೆ. ಭಾಷಣದ ದುರ್ಬಲ ಜಾಗ ಇದೇ. ಕಪ್ಪುಹಣದಲ್ಲಿ ನಗದಿನ ಪಾಲೆಷ್ಟು ಎಂಬುದನ್ನು ಅದು ಹೇಳಲಿಲ್ಲ. ಕಪ್ಪುಹಣ ಬಹುಪಾಲು ಬೇನಾಮಿ ಆಸ್ತಿ, ಚಿನ್ನ, ಒಡವೆಯ ರೂಪದಲ್ಲಿರುವುದರಿಂದ ನೋಟು ರದ್ದತಿ ಪರಿಹಾರವಾಗಲಾರದು ಎಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿಯ ಅಧ್ಯಕ್ಷರ ನೇತೃತ್ವದ ಸಮಿತಿ 2012ರಲ್ಲೇ ಬರೆದಿತ್ತು.

ಉಳಿದದ್ದು ಅಪವಾದ. ಇದನ್ನು ವಿರೋಧ ಪಕ್ಷದವರ ಉತ್ತರವೆಂದು ತಿಳಿಯುವವರೇ ಹೆಚ್ಚು. ಟೂಲ್ಮಿನ್ ಕೇಳುವುದು ಬೇರೆ: ಯಾವ ಸಂದರ್ಭದಲ್ಲಿ ಈ ಕೊಂಡಿ ಕಳಚುತ್ತದೆ? ಇಲ್ಲಿ, ಹಣವಿದ್ದವನು ಅದನ್ನು ಹಂಚಿ, ಬೇರೆಯವರ ಖಾತೆಗಳ ಮೂಲಕ ಕಟ್ಟಿಸಿದರೆ ಕಳಚುತ್ತದೆ. 2018ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಲೆಕ್ಕ ಕೊಟ್ಟಿತು: ರದ್ದಾದ ನೋಟುಗಳ ಮೌಲ್ಯದಲ್ಲಿ ಶೇ. 99.3ರಷ್ಟು ವಾಪಸು ಬಂದಿತ್ತು. ವಾಪಸು ಬಂದ ಮಾತ್ರಕ್ಕೆ ಅದು ಬಿಳಿಯಾಯಿತೆಂದಲ್ಲ, ಖಾತೆಗೆ ಬಿದ್ದ ಹಣದ ಮೇಲೆ ತೆರಿಗೆಯವರು ನೋಟಿಸು ಕೊಡಬಹುದು. ಆದರೆ ಅದು ಬೇರೆಯೇ ಕೊಂಡಿ, ಕಾಗದವಾಗುತ್ತದೆ ಎಂಬ ಮಾತಿನದಲ್ಲ.

ಕೆಲವೇ ವಾರಗಳಲ್ಲಿ ಸರ್ಕಾರದ ಮಾತಿನ ಒತ್ತು ನಗದುರಹಿತ ವ್ಯವಹಾರದತ್ತ ಹೊರಳಿತು. ಪ್ರತಿಪಾದನೆ ಬದಲಾದ ಮೇಲೆ ಹಳೆಯ ಆಧಾರಗಳನ್ನೇ ತಳ್ಳಿಕೊಂಡು ಬರುವಂತಿಲ್ಲ. ಖೋಟಾನೋಟಿನ ಸಂಗತಿಯಿಂದ ತರಕಾರಿಯವಳು ಮೊಬೈಲಿನಲ್ಲಿ ದುಡ್ಡು ಪಡೆಯಬೇಕೆಂಬಲ್ಲಿಗೆ ಹೋಗಲು ಇನ್ನೊಂದು ಕೊಂಡಿಯನ್ನೇ ಬೆಸೆಯಬೇಕು.