ಹಾಸಿಗೆ ಹಿಡಿದವರ ರಕ್ತದೊತ್ತಡ: ಮಲಗಿದಾಗ ಒಂದು, ಕುಳಿತಾಗ ಮತ್ತೊಂದು

ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡು ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದ 72 ವರ್ಷದ ತಾಯಿಯೊಬ್ಬರ ಉದಾಹರಣೆಯನ್ನು ನೋಡೋಣ. ಬೆಳಿಗ್ಗೆ ಸೊಸೆ ರಕ್ತದೊತ್ತಡ ಅಳೆದಾಗ 158/92, ಸಂಜೆ ಮಗ ಅಳೆದಾಗ 122/72. ಮಾಪಕವೇ ಕೆಟ್ಟಿರಬೇಕೆಂದು ಮನೆಯವರು ಭಾವಿಸಿದರು. ಬೆಳಗಿನ ಅಂಕಿಯನ್ನಷ್ಟೇ ನೋಡಿದ್ದರೆ ವೈದ್ಯರು ಇನ್ನೊಂದು ಮಾತ್ರೆಯನ್ನು ಸೇರಿಸುತ್ತಿದ್ದರೇನೋ. ವಾಸ್ತವದಲ್ಲಿ ಮಾಪಕ ಸರಿಯಾಗಿಯೇ ಇತ್ತು. ಸೊಸೆ ಮಲಗಿಸಿ ಅಳೆಯುತ್ತಿದ್ದರು, ಮಗ ಊಟಕ್ಕೆ ಕೂರಿಸಿದಾಗ ಅಳೆಯುತ್ತಿದ್ದರು. ಈ ಸಂಗತಿ ಪುಸ್ತಕದಲ್ಲಿ ದಾಖಲಾಗಿರಲಿಲ್ಲ.

ಮೊದಲು ಬೆಳಗಿನ ಅಂಕಿಯನ್ನು ಪರಿಶೀಲಿಸೋಣ. ತೋಳು ಹೃದಯದ ಮಟ್ಟದಲ್ಲಿದ್ದರೆ ಮಾತ್ರ ಮಾಪಕ ನಿಜವಾದ ಒತ್ತಡವನ್ನು ತೋರುತ್ತದೆ. ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಸುಮಾರು ಏಳೆಂಟು ಅಂಕಿ ಹೆಚ್ಚಾಗಿಯೂ, ಅಷ್ಟೇ ಮೇಲಿದ್ದರೆ ಅಷ್ಟೇ ಕಡಿಮೆಯಾಗಿಯೂ ತೋರುತ್ತದೆ. ಆ ತಾಯಿಯವರ ತೋಳು ಮಂಚದ ಅಂಚಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಮಡಿಸಿದ ಟವೆಲನ್ನು ತೋಳಿನಡಿ ಇಟ್ಟು ಅಳೆದಾಗ 148/82 ಬಂದಿತು. ಅಂಗಾತ ಮಲಗಿದವರಲ್ಲಿ ಹೃದಯವು ಹಾಸಿಗೆಗೂ ಎದೆಯ ಮೂಳೆಗೂ ನಡುವೆ ಇರುತ್ತದೆ. ಆದ್ದರಿಂದ ತೋಳನ್ನು ಬರಿಯ ಹಾಸಿಗೆಯ ಮೇಲಿಟ್ಟರೂ ಅದು ತುಸು ಕೆಳಗೇ ಉಳಿಯುತ್ತದೆ, ಒಂದು ತೆಳು ದಿಂಬು ಅವಶ್ಯಕ. ಮಗ್ಗುಲಾಗಿ ಮಲಗಿದ್ದಾಗ ಅಳೆಯಬಾರದು, ಆಗ ಮೇಲಿನ ತೋಳು ಕಡಿಮೆಯನ್ನೂ ಅಡಿಯ ತೋಳು ಹೆಚ್ಚನ್ನೂ ತೋರಿಸುತ್ತದೆ. ಸ್ವಾಧೀನವಿಲ್ಲದ ತೋಳನ್ನು ಬಿಟ್ಟು, ಸ್ವಾಧೀನವಿರುವ ತೋಳಿನಲ್ಲಿಯೇ ಪ್ರತಿ ಸಲವೂ ಅಳೆಯಬೇಕು.

ಟವೆಲ್ ಇಟ್ಟ ಮೇಲೂ ಮಲಗಿದ ಅಂಕಿಗೂ ಕುಳಿತ ಅಂಕಿಗೂ 26ರಷ್ಟು ಅಂತರ ಉಳಿಯಿತು. ಇದು ಅಳತೆಯ ದೋಷವಲ್ಲ, ದೇಹದ ಸ್ಥಿತಿ. ಮಲಗಿದವರನ್ನು ಎಬ್ಬಿಸಿ ಕೂರಿಸಿದಾಗ ರಕ್ತದ ಒಂದು ಪಾಲು ಹೊಟ್ಟೆ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ರಕ್ತನಾಳಗಳು ಕೂಡಲೇ ಸಂಕುಚಿಸಿ ಒತ್ತಡವನ್ನು ಕಾಪಾಡುತ್ತವೆ. ಬಹುಕಾಲ ಮಲಗಿದವರಲ್ಲಿ ಈ ಹೊಂದಾಣಿಕೆ ಮಂದವಾಗಿರುತ್ತದೆ. ನೀರಿನ ಕೊರತೆ, ಮೂತ್ರ ಹೆಚ್ಚಿಸುವ ಮಾತ್ರೆ, ಆಗತಾನೆ ಮುಗಿದ ಊಟ ಇವು ಇಳಿತವನ್ನು ಇನ್ನಷ್ಟು ಹೆಚ್ಚಿಸಬಲ್ಲವು. ಊಟದ ವೇಳೆಗೆ ಆ ತಾಯಿಯವರ ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು, ತಲೆ ವಾಲುತ್ತಿದ್ದುದನ್ನು ಮನೆಯವರು ನಿದ್ರೆಯೆಂದೇ ತಿಳಿದಿದ್ದರು.

ಈ ಇಳಿತವನ್ನು ಮನೆಯಲ್ಲಿಯೇ ಗುರುತಿಸಬಹುದು. ಚಹಾ, ಕಾಫಿ, ಊಟಗಳಾಗಿ ಅರ್ಧ ಗಂಟೆ ಕಳೆದಿರಲಿ, ಮೂತ್ರ ವಿಸರ್ಜನೆ ಮುಗಿದಿರಲಿ. ಐದು ನಿಮಿಷ ಅಂಗಾತ ಮಲಗಿಸಿ, ಮಾತನಾಡಿಸದೆ, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಿರಿ. ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿಯ ತೋಳಿಗೆ ಸುತ್ತಬೇಕು. ತೋಳಿಗೆ ಸಣ್ಣದಾದ ಪಟ್ಟಿ ಹೆಚ್ಚು ಅಂಕಿಯನ್ನೂ, ಕೃಶವಾದ ತೋಳಿಗೆ ದೊಡ್ಡದಾದ ಪಟ್ಟಿ ಕಡಿಮೆ ಅಂಕಿಯನ್ನೂ ತೋರುತ್ತದೆ. ಬಳಿಕ ಬೆನ್ನಿಗೆ ಆಸರೆ ಕೊಟ್ಟು, ಕಾಲುಗಳನ್ನು ಇಳಿಬಿಟ್ಟು ಕೂರಿಸಿ. ತೋಳನ್ನು ಎದೆಯ ಮಧ್ಯದ ಮಟ್ಟಕ್ಕೆ ದಿಂಬಿನ ಮೇಲಿರಿಸಿ, ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಅಳೆಯಿರಿ. ಇಬ್ಬರಿದ್ದರೆ ಒಳಿತು: ಒಬ್ಬರು ಹಿಡಿದಿರಬೇಕು, ಇನ್ನೊಬ್ಬರು ಅಳೆಯಬೇಕು. ಮುಖ ಬಿಳಿಚಿದರೆ, ಬೆವರಿದರೆ, ತಲೆಸುತ್ತೆಂದರೆ ಅಂಕಿಗೆ ಕಾಯದೆ ಮಲಗಿಸಿಬಿಡಿ.

ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ವೈದ್ಯರಿಗೆ ತಿಳಿಸಬೇಕು. ಈ ಮಿತಿಯು ಮೂಲತಃ ನಿಂತಾಗ ಆಗುವ ಇಳಿತಕ್ಕೆ ಹೇಳಿದ್ದು. ಕುಳಿತಾಗಲೇ ಇಷ್ಟು ಇಳಿದರೆ ಅದನ್ನು ಉಪೇಕ್ಷಿಸಲಾಗದು.

ಬರೆಯುವ ಕ್ರಮವೂ ಸರಳವೇ. ಆ ಮನೆಯ ಪುಸ್ತಕದಲ್ಲಿ ಈಗ ಹೀಗಿದೆ: "ಬೆಳಿಗ್ಗೆ 7.00, ಮಾತ್ರೆಗೆ ಮುನ್ನ, ಬಲತೋಳು. ಮಲಗಿ: 148/82, 146/82. ಕುಳಿತು 1 ನಿಮಿಷ: 124/74, 3 ನಿಮಿಷ: 122/72, ಕಣ್ಣು ಮಂಪರು." ನಾಡಿಯ ಅಂಕಿಯನ್ನೂ ಪಕ್ಕದಲ್ಲಿ ಬರೆಯುತ್ತಾರೆ. ಚೆನ್ನಾಗಿ ಬಂದ ಅಂಕಿಯನ್ನಷ್ಟೇ ಆರಿಸಿ ಬರೆಯುವುದೂ, 148ನ್ನು 150 ಎಂದು ದುಂಡಾಗಿಸುವುದೂ ಸಲ್ಲದು. ನಾಡಿಯ ಬಡಿತ ಕ್ರಮ ತಪ್ಪಿದವರಲ್ಲಿ ಅಂಕಿಗಳು ಪ್ರತಿ ಸಲವೂ ಬದಲಾಗುವುದರಿಂದ ಮೂರು ಬಾರಿ ಅಳೆದು ಮೂರನ್ನೂ ಬರೆಯಬೇಕು.

ಈ ಪುಟವನ್ನು ನೋಡಿದ ವೈದ್ಯರು ಹೊಸ ಮಾತ್ರೆ ಸೇರಿಸಲಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣವನ್ನು ತಗ್ಗಿಸಿದರು. ಇಂತಹ ಬದಲಾವಣೆಯನ್ನು ಮನೆಯವರು ತಾವಾಗಿಯೇ ಮಾಡಬಾರದು. ಊಟಕ್ಕೆ ಮುನ್ನ ಮೊದಲು ತಲೆಯ ಭಾಗವನ್ನು ದಿಂಬುಗಳಿಂದ ಎತ್ತರಿಸಿ, ಕೆಲವು ನಿಮಿಷ ಬಿಟ್ಟು ಪೂರ್ತಿ ಕೂರಿಸಲು ವೈದ್ಯರು ಸೂಚಿಸಿದರು. ಎರಡು ವಾರಗಳ ಬಳಿಕ ಅಂತರ 12ಕ್ಕೆ ಇಳಿಯಿತು. ಈಗ ಆ ತಾಯಿಯವರು ಎಚ್ಚರವಾಗಿ ಕುಳಿತು, ತಮ್ಮ ಬಲಗೈಯಿಂದಲೇ ಊಟ ಮಾಡುತ್ತಿದ್ದಾರೆ.